ಮೊದಲು ಸೂಜಿ, ಆಮೇಲೆ ಡೆಕ್ಸಾ: ರಾಯಚೂರಿನಲ್ಲಿ ನಾನು ಎಸ್‌ವಿಸಿ ರೋಗಿಗಳಿಗೆ ಬಯಾಪ್ಸಿ ಮಾಡಿದ್ದು

"ಮುಖ ಊದಿದೆ, ಮಲಗಿದರೆ ಉಸಿರು ಸಿಗಲ್ಲ. ಇಂಥವರ ಎದೆಗೆ ಸೂಜಿ ಹಾಕ್ತೀರಾ? ರಕ್ತ ನಿಲ್ಲಲ್ಲ. ಡೆಕ್ಸಾ ಕೊಟ್ಟು ಹೈದರಾಬಾದಿಗೆ ಕಳಿಸಿಬಿಡಿ." ತಲೆ, ಕೈಗಳ ರಕ್ತವನ್ನು ಹೃದಯಕ್ಕೆ ತರುವ ಎಸ್‌ವಿಸಿ ಅನ್ನುವ ದೊಡ್ಡ ರಕ್ತನಾಳವನ್ನು ಎದೆಯ ಗಡ್ಡೆ ಒತ್ತಿ ಮುಚ್ಚಿದ ರೋಗಿಗಳ ಮಾತು ಇದು, ಡೆಕ್ಸಾ ಅಂದರೆ ಸ್ಟಿರಾಯ್ಡ್. ನನಗೆ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಈಗ ಐದಾರು ವರ್ಷದಲ್ಲಿ ಹದಿನೈದೋ ಹದಿನಾರೋ ರೋಗಿಗಳಿಗೆ ಈ ಸೂಜಿ ಬಯಾಪ್ಸಿ ಮಾಡಿದ್ದೇನೆ. ಒಬ್ಬರಿಗೂ ರಕ್ತ ಏರಿಸುವ ಪ್ರಸಂಗ ಬಂದಿಲ್ಲ. ಆಗ ಬೇಡ ಅಂದವರೇ ಈಗ ರೋಗಿಗಳನ್ನು ಕಳಿಸುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ನನ್ನದೇ ತಪ್ಪಿನಿಂದ. ಲಿಂಗಸುಗೂರು ಕಡೆಯ ಇಪ್ಪತ್ತೆರಡರ ಹುಡುಗ. ಮುಖ, ಕುತ್ತಿಗೆ ಊದಿತ್ತು. ಸಿಟಿ ಸ್ಕ್ಯಾನಿನಲ್ಲಿ ಎದೆಯ ನಡುವೆ ದೊಡ್ಡ ಗಡ್ಡೆ, ಎಸ್‌ವಿಸಿ ದಾರದಷ್ಟು ಸಣ್ಣದಾಗಿತ್ತು. ನಾನು ಗಾಬರಿಯಿಂದ ಡೆಕ್ಸಾ ಶುರು ಮಾಡಿದೆ. ಮೂರನೇ ದಿನಕ್ಕೆ ಮುಖ ಇಳಿಯಿತು. ಅವರಪ್ಪ ವಾರ್ಡಿಗೆಲ್ಲ ಪೇಢೆ ಹಂಚಿದರು. ಒಂದು ವಾರದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಬಯಾಪ್ಸಿ ಆಯಿತು. ರಿಪೋರ್ಟಿನಲ್ಲಿ ಬರೀ ಸತ್ತ ಜೀವಕೋಶ, ಯಾವ ಕ್ಯಾನ್ಸರ್ ಅಂತ ಹೇಳಲಾಗದು ಎಂದಿತ್ತು. ಡೆಕ್ಸಾ ನಿಲ್ಲಿಸಿ ಕಾಯಬೇಕಾಯಿತು. ನಾಲ್ಕನೇ ವಾರಕ್ಕೆ ಊತ ಮತ್ತೆ ಬಂತು, ಜೊತೆಗೆ ಎದೆಯಲ್ಲಿ ನೀರೂ ತುಂಬಿತು. ಎರಡನೇ ಬಯಾಪ್ಸಿಯಲ್ಲಿ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಅಂತ ಗೊತ್ತಾಯಿತು. ಅಷ್ಟರಲ್ಲಿ ಅರವತ್ತು ಎಪ್ಪತ್ತು ಸಾವಿರ ಖರ್ಚಾಗಿತ್ತು. ಅವರಪ್ಪ ಎತ್ತಿನ ಜೋಡಿ ಮಾರಿದ್ದರು. ಆ ಒಂದು ತಿಂಗಳು ಹಾಳಾಗಿದ್ದು ನನ್ನಿಂದ.

ಲಿಂಫೋಮಾ ಜೀವಕೋಶಗಳು ಸ್ಟಿರಾಯ್ಡಿಗೆ ಬೇಗ ಸಾಯುತ್ತವೆ. ಅದು ಔಷಧಿಯೂ ಹೌದು, ಸಾಕ್ಷಿ ಅಳಿಸುವುದೂ ಹೌದು. ಬೀಡಿ ಸೇದುವವರ ಶ್ವಾಸಕೋಶದ ಕ್ಯಾನ್ಸರಾದರೆ ಡೆಕ್ಸಾದಿಂದ ಗಡ್ಡೆ ಕರಗುವುದಿಲ್ಲ. ಮುಖ ಊದಿಸುವ ಗಡ್ಡೆಗಳಲ್ಲಿ ಈ ಎರಡೇ ಜಾಸ್ತಿ, ಎರಡರ ಚಿಕಿತ್ಸೆಯೂ ಬೇರೆ. ಲಿಂಫೋಮಾಗೂ ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್‌ಗೂ ಕೀಮೋ ಕೊಟ್ಟರೆ ಒಂದೆರಡು ವಾರದಲ್ಲಿ ಊತ ಇಳಿಯುತ್ತದೆ, ಆದರೆ ಕೊಡುವ ಔಷಧಿಗಳು ಒಂದೇ ಅಲ್ಲ. ಉಳಿದ ಶ್ವಾಸಕೋಶದ ಕ್ಯಾನ್ಸರ್‌ಗಳಿಗೆ ಸ್ಟೆಂಟ್ ಅಥವಾ ರೇಡಿಯೇಶನ್ ನೋಡಬೇಕು. ಹೆಸರು ಗೊತ್ತಿಲ್ಲದೆ ಏನು ಶುರು ಮಾಡುತ್ತೀರಿ?

ಹೋದ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಮಾನ್ವಿ ತಾಲೂಕಿನಿಂದ ಒಬ್ಬ ತಾಯಿ ಬಂದರು, ಮೂವತ್ತೆರಡು ವಯಸ್ಸು. "ಬಗ್ಗಿದ್ರ ತಲಿ ಸಿಡಿದಂಗ ಆಗ್ತದ್ರಿ ಸಾಹೇಬ್ರ. ಮುಂಜಾನಿ ಕಣ್ಣು ತೆರಿಯಾಕ ಬರಂಗಿಲ್ರಿ" ಅಂದರು. ಒಂದು ತಿಂಗಳು ಅಲರ್ಜಿ ಗುಳಿಗೆ, ಆಮೇಲೆ ಥೈರಾಯ್ಡ್ ಪರೀಕ್ಷೆ, ಕೊನೆಗೆ ಮೂತ್ರದ ಗುಳಿಗೆ, ಎಲ್ಲ ಆಗಿತ್ತು. ನಾನು ಮೊದಲು ಕೇಳಿದ್ದು ಆಧಾರ್ ಕಾರ್ಡ್. ಫೋಟೋ ಪಕ್ಕದಲ್ಲಿ ಹಿಡಿದರೆ ಬೇರೆ ಯಾರದೋ ಮುಖ. ಬಳೆ ಕೈಗೆ ಬಿಗಿದಿತ್ತು, ಕಾಲು ಮಾತ್ರ ತೆಳ್ಳಗೆ ಇದ್ದವು. ಕಿಡ್ನಿ, ಹೃದಯದ ಊತವಾದರೆ ಸಾಮಾನ್ಯವಾಗಿ ಕಾಲನ್ನೂ ಬಿಡುವುದಿಲ್ಲ, ಅಲ್ವಾ? ಎದೆಯ ಮೇಲೆ, ಹೊಕ್ಕುಳಿನ ತನಕ ನೀಲಿ ನರ ಎದ್ದಿದ್ದವು. ಹೊಟ್ಟೆಯ ಮೇಲಿನ ಒಂದು ನರವನ್ನು ಎರಡು ಬೆರಳಿಂದ ಒತ್ತಿ, ನಡುವಿನ ರಕ್ತ ಸವರಿ ತೆಗೆದೆ. ಮೇಲಿನ ಬೆರಳು ಎತ್ತಿದ ತಕ್ಷಣ ತುಂಬಿತು. ಕೆಳಗಿನದು ಎತ್ತಿದರೆ ತುಂಬಲು ತಡವಾಯಿತು. ಅಂದರೆ ರಕ್ತ ಕೆಳಗೆ ಹರಿಯುತ್ತಿದೆ, ಮೇಲಿನ ದಾರಿ ಬಂದ್ ಆಗಿದೆ.

ತಲೆ ಎತ್ತರಿಸಿ ಆಕ್ಸಿಜನ್ ಹಾಕಿದೆವು. ಕ್ಯಾನುಲಾ ಕಾಲಿಗೇ, ಕೈಗೆ ಬೇಡ. ಸಿಟಿ ಸ್ಕ್ಯಾನಿಗೆ ಕಳಿಸುವಾಗಲೂ ದಿಂಬು ಇಟ್ಟು, ಬಣ್ಣದ ಇಂಜೆಕ್ಷನ್ ಕಾಲಿನಿಂದಲೇ. ಎದೆಮೂಳೆಯ ಹಿಂದೆ ಹತ್ತು ಹನ್ನೊಂದು ಸೆಂಟಿಮೀಟರ್ ಗಡ್ಡೆ. ಸಿಟಿಗೆ ನಾಲ್ಕೂವರೆ ಸಾವಿರದ ಹತ್ತಿರ ಆಯಿತು.

ಕಾಯಬಾರದ ಲಕ್ಷಣ ಮೂರು. ಉಸಿರು ಒಳಗೆ ಎಳೆಯುವಾಗ ಸೀಟಿಯಂಥ ಶಬ್ದ, ಮಂಪರು ಅಥವಾ ಗೊಂದಲ, ಎಚ್ಚರ ತಪ್ಪಿ ಬೀಳುವುದು. ಇವುಗಳಲ್ಲಿ ಒಂದಿದ್ದರೂ ಮೊದಲು ಉಸಿರಿನ ದಾರಿ ಕಾಪಾಡಿ, ಬಯಾಪ್ಸಿ ಆಮೇಲೆ. ಈ ತಾಯಿಗೆ ಮೂರೂ ಇರಲಿಲ್ಲ. ಹಾಗಾಗಿ ಅದೇ ಸಂಜೆ ಸೂಜಿ ಹಾಕಲು ನಿರ್ಧರಿಸಿದೆ.

ಮಂಚದ ತಲೆಭಾಗ ಎತ್ತಿ ಒರಗಿಸಿ ಕೂರಿಸಿದೆವು. ಮಂಪರಿನ ಇಂಜೆಕ್ಷನ್ ಒಂದು ಹನಿಯೂ ಇಲ್ಲ. ಸ್ನಾಯು ಸಡಿಲವಾದರೆ ಗಡ್ಡೆ ಶ್ವಾಸನಾಳದ ಮೇಲೆ ಕುಸಿಯಬಹುದು, ಆಮೇಲೆ ಟ್ಯೂಬೂ ಇಳಿಯದೆ ಹೋಗಬಹುದು. ಸೂಜಿ ಹಾಕುವ ಜಾಗ ಮಾತ್ರ ಮರಗಟ್ಟಿಸುವ ಲಿಗ್ನೋಕೇನ್, ಅಷ್ಟೇ. ಎದೆಮೂಳೆಯ ಬಲ ಅಂಚಿನಲ್ಲಿ, ಎರಡನೇ ಮೂರನೇ ಪಕ್ಕೆಲುಬಿನ ನಡುವೆ ಅಲ್ಟ್ರಾಸೌಂಡ್ ಇಟ್ಟು, ಹರಿಯುವ ರಕ್ತವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದೆ. ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಆಚೆ ಮ್ಯಾಮರಿ ರಕ್ತನಾಳ ಓಡುತ್ತದೆ. ಇಂಥವರಲ್ಲಿ ಅದರ ಸುತ್ತ ಉಬ್ಬಿದ ನರಗಳೂ ಇರುತ್ತವೆ. ಪರದೆಯಲ್ಲಿ ಬಣ್ಣ ಇಲ್ಲದ ಜಾಗ ಸಿಗುವ ತನಕ ಹುಡುಕಬೇಕು. ನನಗೆ ಹತ್ತು ನಿಮಿಷ ಹಿಡಿಯಿತು. ರಕ್ತ ನಿಲ್ಲಲ್ಲ ಅನ್ನುವವರು ಈ ಹತ್ತು ನಿಮಿಷ ಉಳಿಸುವವರೇ.

18 ಗೇಜ್ ಬಯಾಪ್ಸಿ ಗನ್‌ನಿಂದ ಐದು ತುಂಡು ತೆಗೆದೆ. ಒಳ್ಳೆಯ ತುಂಡು ಬೇಯಿಸಿದ ಶಾವಿಗೆ ಎಳೆಯಂತೆ ಬೆಳ್ಳಗೆ, ಇಡಿಯಾಗಿ ಬರುತ್ತದೆ. ಮೊಸರಿನಂತೆ ಒಡೆದರೆ ಸತ್ತ ಭಾಗ, ಸೂಜಿಯ ದಿಕ್ಕು ಬದಲಿಸಬೇಕು. ನನಗೆ ಮೊದಲೆರಡು ಒಡೆದೇ ಬಂದವು, ಅಂಚಿನ ಕಡೆ ಹೋದ ಮೇಲೆ ಸರಿ ಬಂದವು. ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಬೆರಳಲ್ಲಿ ಒತ್ತಿ ಹಿಡಿದೆ. ಸೂಜಿ ಹೊರಗೆ ತೆಗೆಯುವಾಗ ನಾನು ಮಾಡುವ ಒಂದು ಕೈಚಳಕ ಇದೆ. ಅದನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಹೇಳಿಕೊಡುತ್ತೇನೆ. ಗನ್‌ಗೆ ಎರಡು ಸಾವಿರದೊಳಗೆ, ಕ್ಯಾನ್ಸರಿನ ಬಗೆ ಗುರುತಿಸುವ ಇಮ್ಯುನೊ ಪರೀಕ್ಷೆ ಸೇರಿ ಲ್ಯಾಬಿಗೆ ಎಂಟು ಸಾವಿರದಷ್ಟು.

ತುಂಡು ಫಾರ್ಮಲಿನ್‌ನಲ್ಲಿ ಮುಳುಗಿದ ಮೇಲೆಯೇ ಡೆಕ್ಸಾ ಕೊಟ್ಟೆ. ಜೊತೆಗೆ ಯೂರಿಕ್ ಆಸಿಡ್ ತಗ್ಗಿಸುವ ಅಲೋಪ್ಯೂರಿನಾಲ್, ಕಾಲಿನಿಂದ ಡ್ರಿಪ್, ದಿನಾ ರಕ್ತದ ಪೊಟ್ಯಾಸಿಯಂ ಮತ್ತು ಯೂರಿಕ್ ಆಸಿಡ್ ಪರೀಕ್ಷೆ. ಗಡ್ಡೆ ಒಮ್ಮೆಲೇ ಕರಗಿದರೆ ಕಿಡ್ನಿಗೆ ಹೊಡೆತ ಬೀಳುತ್ತದೆ.

ನಡುವೆ ಒಂದು ಪ್ರಯೋಗದ ಮಾತು. ದರ್ಜಿಯ ಟೇಪ್‌ನಿಂದ ರೋಗಿಗಳ ಕುತ್ತಿಗೆ ಬೆಳಿಗ್ಗೆ ಸಂಜೆ ಅಳೆಯುತ್ತಿದ್ದೆ. ಒಂದು ಸೆಂಟಿಮೀಟರ್ ವ್ಯತ್ಯಾಸ ಬರುತ್ತಿತ್ತು, ಆದರೆ ಅಳೆಯುವ ಕೈ ಬದಲಾದರೂ ಅಷ್ಟೇ ಬರುತ್ತಿತ್ತು. ಪೆನ್ನಿನಲ್ಲಿ ಗುರುತು ಹಾಕಿ, ಒಬ್ಬರೇ ನರ್ಸ್ ಅಳೆದಾಗ ಕೆಲಸಕ್ಕೆ ಬಂತು. ಮೂತ್ರದ ಇಂಜೆಕ್ಷನ್ ಕೂಡ ನಾಲ್ಕೈದು ಜನರಿಗೆ ಕೊಟ್ಟು ನೋಡಿದ್ದೇನೆ. ಕುತ್ತಿಗೆ ಇಳಿಯಲಿಲ್ಲ, ಬಿಪಿ ಇಳಿಯಿತು. ಈಗ ಬಿಟ್ಟಿದ್ದೇನೆ. ಸ್ಟೆಂಟ್‌ಗೆ ಇಬ್ಬರನ್ನು ಹೈದರಾಬಾದಿಗೆ ಕಳಿಸಿದ್ದೆ, ಇಬ್ಬರೂ ಬೀಡಿ ಸೇದುತ್ತಿದ್ದವರು. ಒಬ್ಬರ ತಲೆನೋವು ಅದೇ ರಾತ್ರಿ ಹೋಯಿತು, ಮುಖ ಎರಡು ದಿನದಲ್ಲಿ ಇಳಿಯಿತು. ಖರ್ಚು ಒಂದೂವರೆ ಲಕ್ಷದ ಮೇಲೆ. ಗಡ್ಡೆ ಮಾತ್ರ ಇದ್ದಲ್ಲೇ ಇತ್ತು.

ಎಂಟನೇ ದಿನ ಮಾನ್ವಿಯ ತಾಯಿಯ ರಿಪೋರ್ಟ್ ಬಂತು. ಸಿಡಿ20 ಪಾಸಿಟಿವ್, ದೊಡ್ಡ ಬಿ ಸೆಲ್ ಲಿಂಫೋಮಾ. ಬಿಪಿಎಲ್ ಕಾರ್ಡ್ ಇತ್ತು, ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ಬಸ್ಸಿನಲ್ಲಿ ಹೋದರು. ಅಲ್ಲಿ ಬಯಾಪ್ಸಿ ಮತ್ತೆ ಕೇಳಲಿಲ್ಲ, ನಮ್ಮ ತುಂಡನ್ನು ಮೇಣದಲ್ಲಿಟ್ಟ ಬ್ಲಾಕ್ ಮೇಲೆಯೇ ಕೀಮೋ ಶುರು ಮಾಡಿದರು. ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ. ಎರಡನೇ ಕೀಮೋಗೆ ಹೋಗುವ ಮೊದಲು ನನ್ನ ಹತ್ತಿರ ಬಂದಿದ್ದರು. ನರ್ಸ್ ಅಳೆದಾಗ ಕುತ್ತಿಗೆ 39ರಿಂದ 35ಕ್ಕೆ ಇಳಿದಿತ್ತು. ನಾನು ಕೇಳುವ ಮೊದಲೇ ಆಧಾರ್ ಕಾರ್ಡ್ ತೆಗೆದು ಮುಖದ ಪಕ್ಕ ಹಿಡಿದರು.