ಮೈಸೂರಿನ ಹಳೆಯ ಮ್ಯಾನೇಜರರನ್ನು ರೆಫರೆನ್ಸ್ ಕೇಳುವ ಬಗೆ: ಕೆನಡಾಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿ ಸಂದರ್ಶನ ಚೆನ್ನಾಗಿ ನಡೆದ ಮೇಲೆ, ಕೆಲಸದ ಪತ್ರ ಕೈಗೆ ಬರುವ ಮೊದಲು, ನೀವು ಯಾರ ಕೈಕೆಳಗೆ ದುಡಿದಿದ್ದೀರೋ ಅಂಥ ಇಬ್ಬರು ಮೂವರ ಹೆಸರು, ಹುದ್ದೆ, ಇಮೇಲ್ ಮತ್ತು ಫೋನ್ ನಂಬರನ್ನು ಕೇಳುತ್ತಾರೆ. ಊರಿನಿಂದ ಜೋಪಾನವಾಗಿ ತಂದ ಫೈಲಿನಲ್ಲಿ ರಿಲೀವಿಂಗ್ ಲೆಟರ್ ಇದೆ, ಅನುಭವ ಪತ್ರ ಇದೆ, ಅಷ್ಟು ಸಾಕಲ್ಲವೇ ಎಂದು ನಮ್ಮವರಿಗೆ ಅನ್ನಿಸುತ್ತದೆ. ಆ ಪತ್ರಗಳು ನೀವು ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದನ್ನಷ್ಟೇ ಹೇಳುತ್ತವೆ; ಇವರಿಗೆ ಬೇಕಾಗಿರುವುದು ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರೊಡನೆ ಕಾಲು ಗಂಟೆಯ ಮಾತು. (ಕಾಯಂ ನಿವಾಸದ ಅರ್ಜಿಗೆ ಲೆಟರ್‌ಹೆಡ್‌ನಲ್ಲಿ ಹುದ್ದೆ, ಕರ್ತವ್ಯ, ವಾರದ ಗಂಟೆ ಮತ್ತು ಸಂಬಳವನ್ನು ಬರೆದು ಸಹಿ ಮಾಡಿಸಿ ತರುವ ಪತ್ರವೇ ಬೇರೆ, ಅದನ್ನು ಎಚ್.ಆರ್. ವಿಭಾಗದಲ್ಲಿ ಕೇಳಿ ಪಡೆಯಿರಿ.)

ಹಳೆಯ ಮ್ಯಾನೇಜರರ ಹೆಸರನ್ನು ಅವರಿಗೆ ತಿಳಿಸದೆಯೇ ಕೊಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ‘ಸರ್ ನಮ್ಮವರೇ, ಬೇಡ ಅನ್ನುವುದಿಲ್ಲ’ ಎಂಬ ಸಲಿಗೆ ಅದರ ಹಿಂದಿರುತ್ತದೆ. ಆದರೆ +1ರಿಂದ ಶುರುವಾಗುವ ಅಪರಿಚಿತ ನಂಬರಿನ ಕರೆಯನ್ನು ಮೈಸೂರಿನಲ್ಲಿ ಕುಳಿತ ಯಾವ ಜಾಗರೂಕ ಮನುಷ್ಯನೂ ಇಂದು ಎತ್ತುವುದಿಲ್ಲ. ವಂಚಕರ ಕರೆಗಳ ಸುದ್ದಿ ದಿನವೂ ಕೇಳುತ್ತಿರುವಾಗ ಎತ್ತಲೂಬಾರದು. ಕಂಪನಿಯ ಇಮೇಲಿಗೆ ಹೋದ ಪ್ರಶ್ನಾವಳಿಯ ಕೊಂಡಿ ಸ್ಪ್ಯಾಮ್‌ಗೆ ಬಿದ್ದಿರುತ್ತದೆ, ಇಲ್ಲವೇ ಹೊರಗಿನ ಕೊಂಡಿ ಎಂದು ತಡೆಯಲ್ಪಟ್ಟಿರುತ್ತದೆ. ಇತ್ತ ನೇಮಕಾತಿಯವರು ಎರಡು ಸಲ ಪ್ರಯತ್ನಿಸಿ, ‘ರೆಫರೆನ್ಸ್ ಸಿಗಲಿಲ್ಲ’ ಎಂದು ಬರೆದು ಮುಂದಿನ ಅಭ್ಯರ್ಥಿಯ ಕಡೆಗೆ ಹೋಗುತ್ತಾರೆ. ಯಾರೂ ನಿಮ್ಮ ಬಗ್ಗೆ ಕೆಟ್ಟ ಮಾತು ಹೇಳಿರುವುದಿಲ್ಲ, ಆದರೂ ಕೆಲಸ ಕೈತಪ್ಪಿರುತ್ತದೆ.

ಕೇಳುವವರು ಎಡವುವುದು ಬೇರೆ ಕಡೆ. ಮಂಡ್ಯದ ಒಬ್ಬ ಹೆಣ್ಣುಮಗಳ ಪ್ರಕರಣವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಆಕೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯ ಕೆಲಸ ಮಾಡಿ, ಮದುವೆಯ ನಂತರ ಟೊರಾಂಟೊ ಬಳಿಯ ಬ್ರ್ಯಾಂಪ್ಟನ್‌ಗೆ ಬಂದವಳು. ಅದೇ ಬಗೆಯ ಕಾರ್ಖಾನೆಯಲ್ಲಿ ಸಂದರ್ಶನ ಮುಗಿದು, ಮುಂದಿನ ಶುಕ್ರವಾರ ಸಂಜೆ 5ರೊಳಗೆ ರೆಫರೆನ್ಸ್ ಪೂರ್ತಿಯಾಗಬೇಕೆಂದು ಹೇಳಿದ್ದರು. ಆಕೆ ಹಳೆಯ ಮ್ಯಾನೇಜರರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದದ್ದು ಇಷ್ಟು: ‘ನಮಸ್ಕಾರ ಸರ್, ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಆರಾಮಾ? ಒಂದು ಸಣ್ಣ ಸಹಾಯ ಬೇಕಿತ್ತು. ಬಿಡುವಾದಾಗ ಹೇಳಿ ಸರ್.’ ಅವರಿಂದ ಕೈಮುಗಿದ ಚಿತ್ರವೊಂದು ಬಂತು, ಮತ್ತೇನೂ ಬರಲಿಲ್ಲ.

ಅವರ ತಪ್ಪೇನೂ ಇರಲಿಲ್ಲ. ಹಿರಿಯರಿಗೆ ಇಂಥ ದಿನದೊಳಗೆ ಆಗಬೇಕು ಎನ್ನುವುದು ಉದ್ಧಟತನ ಎಂದೇ ನಾವು ಬೆಳೆದಿದ್ದೇವೆ. ಅವರ ಬಿಡುವನ್ನು ಕಾಯುವುದೇ ಗೌರವ. ಊರಿನಲ್ಲಿ ಆ ಮಾತಿನ ಮುಂದುವರಿಕೆ ಕ್ಯಾಂಟೀನಿನ ಕಾಫಿಯ ಹೊತ್ತಿನಲ್ಲೋ, ಯಾರದೋ ಮದುವೆ ಊಟದ ಪಂಕ್ತಿಯಲ್ಲೋ ತಾನಾಗಿ ಆಗುತ್ತಿತ್ತು. ಇಲ್ಲಿಂದ ಆ ಎದುರುಬದುರು ಇಲ್ಲ. ಬಿಡುವಾದಾಗ ಎಂದು ಬರೆದರೆ, ಅವಸರವಿಲ್ಲ ಎಂದು ಓದುವವರು ಸಹಜವಾಗಿ ತಿಳಿಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಸಹಾಯ ಏನೆಂದು ತಿಳಿಯದೆ ಹೂಂ ಎನ್ನುವುದು ಅವರಿಗೂ ಕಷ್ಟ. ದುಡ್ಡೋ, ಯಾರಿಗಾದರೂ ಕೆಲಸ ಕೊಡಿಸುವುದೋ ಎಂಬ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ.

ಅದು ದಸರಾ ವಾರವಾಗಿತ್ತು. ಬುಧವಾರ ಆಯುಧಪೂಜೆ, ಗುರುವಾರ ವಿಜಯದಶಮಿ. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಯಂತ್ರಗಳನ್ನು ತೊಳೆದು, ಕುಂಬಳಕಾಯಿ ಒಡೆದು, ಸಿಹಿ ಹಂಚುವ ಗಡಿಬಿಡಿ. ಜಂಬೂಸವಾರಿಯ ದಿನ ಮೈಸೂರಿನಲ್ಲಿ ಮನೆಯ ತುಂಬ ನೆಂಟರು. ಬ್ರ್ಯಾಂಪ್ಟನ್‌ನ ಕಾರ್ಖಾನೆಗೆ ಇದಾವುದೂ ಗೊತ್ತಿಲ್ಲ. ಟೊರಾಂಟೊದ ಶುಕ್ರವಾರ ಸಂಜೆ 5 ಎಂದರೆ ಅಕ್ಟೋಬರ್‌ನಲ್ಲಿ ಮೈಸೂರಿಗೆ ಶನಿವಾರ ನಸುಕಿನ 2:30. ಹಾಗಾಗಿ ಕಾಗದದ ಮೇಲೆ ಐದು ದಿನ ಕಂಡರೂ ಮ್ಯಾನೇಜರರ ಕೈಯಲ್ಲಿ ನಿಜವಾಗಿ ಇದ್ದದ್ದು ಎರಡೇ ಸಂಜೆ, ಮಂಗಳವಾರ ಮತ್ತು ಶುಕ್ರವಾರ. ಈ ಲೆಕ್ಕವನ್ನು ಕೇಳುವವರು ತಾವೇ ಮಾಡಿ, ಮೈಸೂರಿನ ದಿನ ಮತ್ತು ಗಂಟೆಯಲ್ಲಿ ಬರೆಯಬೇಕು. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಟೊರಾಂಟೊ ಒಂಬತ್ತೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ಹತ್ತೂವರೆ ಗಂಟೆ. ಇಲ್ಲಿನ ಕಚೇರಿಯ ಬೆಳಗಿನ 9 ಅಲ್ಲಿ ಸಂಜೆ 6:30 ಅಥವಾ 7:30. ಇಬ್ಬರೂ ಎಚ್ಚರವಾಗಿ, ಮಾತಿಗೆ ಸಿಗುವ ಹೊತ್ತು ಅದೊಂದೇ.

ಭಾನುವಾರ ರಾತ್ರಿ ಇಲ್ಲಿ ಹತ್ತೂವರೆಗೆ, ಎಂದರೆ ಮೈಸೂರಿನ ಸೋಮವಾರ ಬೆಳಗ್ಗೆ 8ಕ್ಕೆ, ಆಕೆ ಈ ಸಂದೇಶವನ್ನು ಕಳಿಸಿದಳು. ಅದರ ಕರಡನ್ನು ನಾವಿಬ್ಬರೂ ಕುಳಿತು ತಿದ್ದಿದ್ದೆವು.

‘ನಮಸ್ಕಾರ ಸರ್. ದಸರಾ ಶುಭಾಶಯಗಳು. ಬ್ರ್ಯಾಂಪ್ಟನ್‌ನ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಟೆಕ್ನಿಷಿಯನ್ ಕೆಲಸಕ್ಕೆ ನನ್ನ ಸಂದರ್ಶನ ಆಗಿದೆ. ಅವರು ನನ್ನ ಹಿಂದಿನ ಮ್ಯಾನೇಜರರೊಡನೆ ಫೋನಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮಾತನಾಡಬೇಕು ಎಂದಿದ್ದಾರೆ. ನೀವು ಮಾತನಾಡಿ ಕೊಡಲು ಸಾಧ್ಯವೇ ಸರ್? ಒಪ್ಪಿದರೆ ಮಂಗಳವಾರ ಸಂಜೆ 6:30ರಿಂದ 8:30ರೊಳಗೆ, ಅದು ಆಗದಿದ್ದರೆ ಶುಕ್ರವಾರ ಅದೇ ಹೊತ್ತಿಗೆ ಕರೆ ಬರುವಂತೆ ಹೇಳುತ್ತೇನೆ. ಶುಕ್ರವಾರದ ನಂತರ ಅವರು ಕಾಯುವುದಿಲ್ಲ. ಇಂದು ರಾತ್ರಿ 9ರೊಳಗೆ ಆಗುತ್ತದೆ ಅಥವಾ ಇಲ್ಲ ಎಂದು ಒಂದು ಮಾತು ತಿಳಿಸಿದರೆ ಸಾಕು. ಕಂಪನಿಯ ನಿಯಮದಿಂದಲೋ ಬೇರೆ ಕಾರಣದಿಂದಲೋ ಆಗದಿದ್ದರೆ ಖಂಡಿತ ಬೇಸರವಿಲ್ಲ ಸರ್, ಬೇರೆಯವರನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಒಪ್ಪಿಗೆ ಇಲ್ಲದೆ ನಂಬರ್ ಕೊಡುವುದಿಲ್ಲ.’

ಈ ಸಂದೇಶದಲ್ಲಿ ಗಡುವು ಎರಡಿದೆ. ಕೊನೆಯ ದಿನ ಶುಕ್ರವಾರ. ಆದರೆ ಹೌದೋ ಇಲ್ಲವೋ ಎಂಬ ಉತ್ತರಕ್ಕೆ ಅದೇ ರಾತ್ರಿ. ಉತ್ತರದ ಗಡುವು ಇಲ್ಲದಿದ್ದರೆ, ಮೌನವನ್ನು ಒಪ್ಪಿಗೆ ಎಂದು ನಂಬಿ ನಾಲ್ಕು ದಿನ ಕಳೆದುಕೊಂಡು, ಮತ್ತೊಬ್ಬರನ್ನು ಕೇಳಲು ಹೊತ್ತೇ ಉಳಿಯುವುದಿಲ್ಲ. ‘ಆಗದಿದ್ದರೆ ಬೇಸರವಿಲ್ಲ’ ಎಂಬ ಮಾತನ್ನು ಉಪಚಾರಕ್ಕೆ ಬರೆಯಬೇಡಿ, ಮನಸ್ಸಿನಿಂದ ಬರೆಯಿರಿ. ಅನೇಕ ಕಂಪನಿಗಳಲ್ಲಿ ಮ್ಯಾನೇಜರುಗಳು ಖುದ್ದಾಗಿ ರೆಫರೆನ್ಸ್ ಕೊಡುವಂತಿಲ್ಲ, ಎಲ್ಲವೂ ಎಚ್.ಆರ್. ಮೂಲಕವೇ ಹೋಗಬೇಕು. ನಮ್ಮ ಹಿರಿಯರು ಮುಖಕ್ಕೆ ಇಲ್ಲ ಎನ್ನಲಾರರು, ‘ನೋಡೋಣಮ್ಮ’, ‘ಎಚ್.ಆರ್. ಹತ್ತಿರ ಕೇಳಿ ಹೇಳ್ತೀನಿ’ ಎಂದು ತೇಲಿಸುತ್ತಾರೆ. ಅಂಥ ಉತ್ತರ ಬಂದರೆ ಒತ್ತಾಯಿಸದೆ ಧನ್ಯವಾದ ಹೇಳಿ ಎರಡನೆಯ ಹೆಸರಿಗೆ ಹೋಗಿ. ಮನಸ್ಸಿಲ್ಲದೆ ಕೊಟ್ಟ ರೆಫರೆನ್ಸ್ ಕರೆ ಮಾಡಿದವರ ಕಿವಿಗೆ ಕೂಡಲೇ ತಿಳಿಯುತ್ತದೆ.

ಆ ಮ್ಯಾನೇಜರರು ಮಧ್ಯಾಹ್ನದೊಳಗೆ ತಾವೇ ಫೋನ್ ಮಾಡಿದರು. ‘ಅದಕ್ಕೇನಮ್ಮ, ಒಂದು ಲೆಟರ್ ನೀನೇ ಬರೆದು ಕಳಿಸು, ಸೈನ್ ಹಾಕಿ ಕೊಡ್ತೀನಿ’ ಎಂದರು. ಊರಿನಲ್ಲಿ ನಡೆಯುವ ಕ್ರಮವೇ ಅದು, ಪ್ರೀತಿಯಿಂದಲೇ ಹೇಳಿದ್ದು. ಇಲ್ಲಿ ಅದು ನಡೆಯುವುದಿಲ್ಲವೆಂದು, ಅವರ ಬಾಯಿಂದಲೇ ಕೇಳಬೇಕಂತೆ ಎಂದು ಆಕೆ ವಿನಯದಿಂದ ವಿವರಿಸಿ, ಒಪ್ಪಿಗೆ ಪಡೆದು, ಆಮೇಲೆ ಒಂದು ಪುಟದ ಇಮೇಲ್ ಕಳಿಸಿದಳು. ಅದರಲ್ಲಿ ಕರೆ ಮಾಡುವವರ ಹೆಸರು, ಅವರ ಕಂಪನಿ ಮತ್ತು ಕರೆ ಬರುವ ನಂಬರ್, ಹೊಸ ಕೆಲಸದ ಜಾಹೀರಾತು, ತಾನು ಅವರ ವಿಭಾಗದಲ್ಲಿದ್ದ ತಿಂಗಳು ಮತ್ತು ವರ್ಷ, ಹಾಗೂ ನೆನಪಿಗೆ ಎರಡು ಘಟನೆಗಳು ಇದ್ದವು.

ಈ ನೆನಪಿನ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ಮ್ಯಾನೇಜರರ ಕೈಕೆಳಗೆ ನಿಮ್ಮ ನಂತರ ಎಷ್ಟೋ ಜನ ಬಂದು ಹೋಗಿರುತ್ತಾರೆ. ಸಿದ್ಧತೆಯಿಲ್ಲದೆ ಕೇಳಿದರೆ ‘ಒಳ್ಳೆ ಹುಡುಗಿ, ಬಹಳ ವಿಧೇಯ, ಕಷ್ಟಪಟ್ಟು ಕೆಲಸ ಮಾಡ್ತಾಳೆ’ ಎನ್ನುತ್ತಾರೆ. ನಮ್ಮಲ್ಲಿ ಅದು ದೊಡ್ಡ ಹೊಗಳಿಕೆ. ಇಲ್ಲಿ ಕೇಳುವವರಿಗೆ ಅದರಿಂದ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ. ಏನು ಜವಾಬ್ದಾರಿ ಇತ್ತು, ಕಷ್ಟ ಬಂದಾಗ ಹೇಗೆ ನಡೆದುಕೊಂಡಳು, ಎಲ್ಲಿ ಸುಧಾರಿಸಬೇಕು, ಮತ್ತೆ ಅವಳನ್ನೇ ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂದು ಅವರು ಕೇಳುತ್ತಾರೆ. ಆಕೆ ನೆನಪಿಸಿದ ಒಂದು ಘಟನೆ ಹೀಗಿತ್ತು: ತಪಾಸಣೆಯಲ್ಲಿ ಪಾಸಾದ ಬುಷ್‌ಗಳೊಳಗೆ ಜೋಡಣೆಯ ಹೊತ್ತಿನಲ್ಲಿ ಶಾಫ್ಟ್ ಹೋಗುತ್ತಿರಲಿಲ್ಲ. ಎಲ್ಲರೂ ಯಂತ್ರವನ್ನು ದೂರುತ್ತಿದ್ದಾಗ ಆಕೆ, ರಂಧ್ರದೊಳಗೆ ಇಳಿಸಿ ಅದರ ಅಳತೆ ನೋಡುವ ಪ್ಲಗ್ ಗೇಜನ್ನೇ ಅಳೆಯಿಸಿದಳು. ಅದು ಸವೆದು ತೆಳುವಾಗಿತ್ತು, ಆದ್ದರಿಂದ ಕಿರಿದಾದ ರಂಧ್ರಕ್ಕೂ ಇಳಿದು ಸರಿ ಎಂದು ತೋರಿಸುತ್ತಿತ್ತು. ಅಂದಿನಿಂದ ಗೇಜುಗಳ ಕ್ಯಾಲಿಬ್ರೇಷನ್ ದಿನಾಂಕವನ್ನು ಪಾಳಿಯ ರಿಜಿಸ್ಟರಿನಲ್ಲಿ ಬರೆಯುವ ಕ್ರಮ ಬಂತು. ಎರಡೇ ಸಾಲಿನಲ್ಲಿ ಇದನ್ನು ಓದಿದ ಮ್ಯಾನೇಜರರಿಗೆ ಆ ದಿನವೆಲ್ಲ ನೆನಪಾಯಿತಂತೆ.

ಸುಧಾರಿಸಬೇಕಾದದ್ದೇನು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಏನೂ ಇಲ್ಲ ಎಂದುಬಿಡುತ್ತಾರೆ, ಹುಡುಗಿಯ ಅನ್ನಕ್ಕೆ ಕಲ್ಲು ಹಾಕಬಾರದೆಂಬ ಕಕ್ಕುಲಾತಿಯಿಂದ. ಕೇಳುವವರಿಗೆ ಅದು ಬಾಯಿಪಾಠದಂತೆ ತೋರಬಹುದು. ‘ಈ ಪ್ರಶ್ನೆ ಎಲ್ಲರಿಗೂ ಕೇಳುತ್ತಾರೆ ಸರ್, ನಿಮಗೆ ಕಂಡದ್ದನ್ನು ಹೇಳಿ’ ಎಂದು ಮುಂಚೆಯೇ ತಿಳಿಸಿಡಿ. ಅವರು ಹೇಳಿದ್ದು, ಮೊದಮೊದಲು ಮೀಟಿಂಗಿನಲ್ಲಿ ಬಾಯಿ ಬಿಡುತ್ತಿರಲಿಲ್ಲ, ಆಮೇಲೆ ಕಲಿತಳು ಎಂದು. ಅದು ನಿಜವಾಗಿತ್ತು, ಯಾವ ತೊಂದರೆಯನ್ನೂ ಮಾಡಲಿಲ್ಲ. ಆದರೆ ಉತ್ತರವನ್ನು ನೀವು ಬರೆದುಕೊಡಬೇಡಿ. ನೆನಪಿಸುವುದಕ್ಕೂ ಹೇಳಿಕೊಡುವುದಕ್ಕೂ ನಡುವಿನ ಗೆರೆಯನ್ನು ದಾಟಬಾರದು. ಗೆಳೆಯನನ್ನೇ ಮ್ಯಾನೇಜರ್ ಎಂದು ತೋರಿಸುವುದಂತೂ ವಂಚನೆ. ಕಂಪನಿಯ ಮುಖ್ಯ ನಂಬರಿಗೆ ಕರೆ ಮಾಡಿ ಪರಿಶೀಲಿಸುವವರಿದ್ದಾರೆ, ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗುತ್ತದೆ.

ಇಲ್ಲೇ ಹುಟ್ಟಿದ ನನ್ನ ಮಗಳು ಕಾಫಿ ಅಂಗಡಿಯ ತನ್ನ ಹಳೆಯ ಮ್ಯಾನೇಜರಿಗೆ ಮೂರು ಸಾಲಿನಲ್ಲಿ ಕೇಳಿದ್ದನ್ನು ನೋಡಿದ್ದೇನೆ: ಯಾವ ಕೆಲಸ, ಎಂದಿನೊಳಗೆ, ಆಗುತ್ತದೆಯೇ. ಅದರಲ್ಲಿ ಸಂಕೋಚವಿರಲಿಲ್ಲ, ಅಗೌರವವೂ ಇರಲಿಲ್ಲ. ಆಕೆಗೆ ಎರಡು ಊರುಗಳ ರೀತಿಯನ್ನು ಒಂದೇ ಸಂದೇಶದಲ್ಲಿ ಹೊಂದಿಸುವ ಹೊರೆ ಇಲ್ಲ. ನಮಗೆ ಇದೆ. ಮನೆಯ ಹಿರಿಯರಂತೆ ಮದುವೆಗೆ ಬಂದು ಅಕ್ಷತೆ ಹಾಕಿದವರಿಗೆ ದಿನಾಂಕ, ಗಂಟೆ ಬರೆದು ಕಳಿಸುವಾಗ ಏನೋ ಕಳೆದುಕೊಂಡಂತೆ ಅನ್ನಿಸುವುದು ನಿಜ. ಆದರೆ ಇಲ್ಲಿ ನಮ್ಮ ಅಷ್ಟು ವರ್ಷಗಳ ದುಡಿಮೆಯನ್ನು ಕಂಡವರು ಬೇರೆ ಯಾರೂ ಇಲ್ಲ, ಆ ಒಬ್ಬರ ಮಾತೇ ಸಾಕ್ಷಿ. ಆ ಮಾತು ಹೊತ್ತಿಗೆ ತಲುಪುವಂತೆ ನೋಡಿಕೊಳ್ಳುವುದು ಅವರ ಹೊಣೆಯಲ್ಲ, ನಮ್ಮದು.

ನೆನಪೋಲೆ ಒಂದು ಸಾಕು, ಕರೆ ಬರುವ ದಿನ ಬೆಳಗ್ಗೆ: ‘ಸರ್, ಇಂದು ಸಂಜೆ 6:30ಕ್ಕೆ ಈ ನಂಬರಿನಿಂದ ಕರೆ ಬರುತ್ತದೆ.’ ಮಂಗಳವಾರದ ಆ ಕರೆ ಒಂದೇ ಸಲಕ್ಕೆ ಸಿಕ್ಕಿತು. ಕರೆ ಮುಗಿದ ಮೇಲೆ ಏನು ಕೇಳಿದರು ಎಂದು ಅವರನ್ನು ಕೆದಕಬೇಡಿ. ಫಲಿತಾಂಶ ಬಂದ ದಿನವೇ, ಕೆಲಸ ಸಿಗಲಿ ಬಿಡಲಿ, ತಿಳಿಸಿ. ಸಾಧ್ಯವಾದರೆ ಬರೆಯದೆ ಫೋನ್ ಮಾಡಿ ತಿಳಿಸಿ. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಮುಂದಿನದಕ್ಕೆ ಸಲ್ಲುವುದಿಲ್ಲವಾದ್ದರಿಂದ, ಇನ್ನೊಂದು ಕಡೆ ಅವರ ಹೆಸರನ್ನು ಕೊಡುವ ಮೊದಲು ಮತ್ತೆ ಕೇಳಿ, ಅವರ ಹುದ್ದೆ, ಇಮೇಲ್ ಮತ್ತು ನಂಬರ್ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.