ಒಂದೇ ಮುಖದಲ್ಲಿ ಮೂರು ಬಗೆಯ ಕಪ್ಪು

ಹುಬ್ಬಳ್ಳಿಯ ನನ್ನ ಚರ್ಮದ ಕ್ಲಿನಿಕ್ಕಿಗೆ ಬ್ಯಾಡಗಿ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ಆರಿಸುವ ಕೆಲಸ. "ಬಿಸಿಲಿಗೆ ಹಿಂಗಾಗೈತ್ರಿ ಡಾಕ್ಟ್ರ, ಒಂದ್ ಕ್ರೀಮ್ ಬರ್ದ ಕೊಡ್ರಿ" ಅಂದರು.

ನಾನು ಮುಖಕ್ಕಿಂತ ಮೊದಲು ಕೈ ನೋಡುತ್ತೇನೆ. ಬಳೆ ಸರಿಸಿದರೆ ಅದರಡಿ ಚರ್ಮ ತಿಳಿ, ಮುಂಗೈ ಕಪ್ಪು. ಕುತ್ತಿಗೆಯಲ್ಲಿ ಕುಪ್ಪಸದ ಅಂಚಿಗೆ ಕಪ್ಪು ಮುಗಿದಿತ್ತು. ಇದು ಬಿಸಿಲಿನ ಟ್ಯಾನ್. ಬಿಸಿಲು ಬಿದ್ದಲ್ಲೆಲ್ಲ ಸಮನಾಗಿ ಹರಡಿರುತ್ತದೆ, ಬಟ್ಟೆ ಮುಚ್ಚಿದಲ್ಲಿ ನಿಲ್ಲುತ್ತದೆ. ಆದರೆ ಅವರ ಎರಡೂ ಕೆನ್ನೆ ಮತ್ತು ಮೇಲ್ತುಟಿಯ ಮೇಲೆ ಟ್ಯಾನಿಗಿಂತ ಗಾಢವಾದ ಕಂದು ಕಲೆಗಳಿದ್ದವು. ಅಂಚು ಹರಕು ಹರಕು, ಎಡಬಲ ಹೆಚ್ಚುಕಡಿಮೆ ಒಂದೇ ತರ. ಯಾವಾಗಿನಿಂದ ಅಂತ ಕೇಳಿದೆ. "ಎರಡನೇ ಮಗು ಹೊಟ್ಟ್ಯಾಗಿದ್ದಾಗ ಶುರುವಾತ್ರಿ. ನಮ್ಮವ್ವಗೂ ಹಿಂಗ ಇತ್ತು." ಬಸಿರು, ಮನೆತನ, ಎರಡೂ ಬದಿಯ ಕಲೆ, ಮೂರೂ ಕೂಡಿದರೆ ಬಂಗು, ಅಂದರೆ ಮೆಲಾಸ್ಮಾ. ಗರ್ಭನಿರೋಧಕ ಮಾತ್ರೆ ತಗೋತೀರಾ ಅಂತಲೂ ಕೇಳಲೇಬೇಕು, ಅದೂ ಬಂಗು ಹೆಚ್ಚಿಸಬಹುದು. ಅವರು ತಗೊಳ್ಳುತ್ತಿರಲಿಲ್ಲ.

ಬಲಗೆನ್ನೆಯಲ್ಲಿ ಮಾತ್ರ ಇನ್ನೊಂದು ಕಲೆ ಇತ್ತು, ದವಡೆಯ ಕಡೆಗೆ ಪಟ್ಟಿಯಂತೆ ಇಳಿದಿತ್ತು. ಎಡಗಡೆ ಅದರ ಜೋಡಿ ಇಲ್ಲ. "ಇಲ್ಲಿ ಮೊದಲು ಏನಾದ್ರೂ ಆಗಿತ್ತಾ ಅಕ್ಕಾವ್ರ?" ಅಂದೆ. ಯಾರೋ ಹೇಳಿದ್ದಕ್ಕೆ ನಿಂಬೆರಸ, ಅಡುಗೆ ಸೋಡಾ ಹಚ್ಚಿ ಬಿಸಿಲಿಗೆ ಹೋಗಿದ್ದರಂತೆ. ಉರಿ ಬಂದು, ಕೆಂಪಾಗಿ, ಸಿಪ್ಪೆ ಎದ್ದಿತ್ತು. ಗಾಯದ ಆಕಾರವನ್ನೇ ಹಿಡಿದ ಕಲೆ ಅದು, ಉರಿಯೂತ ಇಳಿದ ಮೇಲೆ ಉಳಿಯುವಂಥದ್ದು. ಮೊಡವೆ, ಸುಟ್ಟ ಗಾಯ, ಹೇರ್ ಡೈ ಅಲರ್ಜಿ ಆದ ಮೇಲೂ ಹೀಗೇ ಉಳಿಯುತ್ತದೆ. ಕಲೆ ಎಷ್ಟು ಆಳದಲ್ಲಿದೆ ಅಂತ ನೋಡುವ ನೇರಳಾತೀತ ದೀಪ, ವುಡ್ಸ್ ಲ್ಯಾಂಪ್ ಹಿಡಿದೂ ನೋಡಿದೆ. ನಮ್ಮ ಕಡೆಯ ಗಾಢ ಚರ್ಮದಲ್ಲಿ ಅದನ್ನಷ್ಟೇ ನಂಬಲಾಗದು. ಕೇಳಿ ತಿಳಿದುಕೊಂಡದ್ದೇ ಜಾಸ್ತಿ ನೆರವಾಗುತ್ತದೆ.

ನಿಂಬೆರಸ ಪೂರ್ತಿ ಬಿಡಿಸಿದೆ. ಅಂಗಡಿಯಿಂದ ತಾವೇ ತರುವ ಬಿಳುಪಿನ ಕ್ರೀಮುಗಳನ್ನೂ ಬೇಡವೆಂದೆ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲು ಬೆಳ್ಳಗಾದಂತೆ ಕಂಡು, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತದೆ, ಕೂದಲು ಮೂಡುತ್ತದೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬರೆದುಕೊಟ್ಟೆ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ, ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಬೇಕು. ಬಯಲಲ್ಲಿ ಕೂತರೆ ಎರಡು ತಾಸಿಗೊಮ್ಮೆ ಮತ್ತೆ. ಚರ್ಮದ ಉರಿ ಪೂರ್ತಿ ಇಳಿದ ಮೇಲೆ ಕಲೆ ತಿಳಿಯಾಗಿಸುವ ಅಜೆಲಾಯಿಕ್ ಆ್ಯಸಿಡ್ ಕ್ರೀಮ್ ಶುರು ಮಾಡಿದೆ.

ಮೂರೂ ತಮ್ಮ ತಮ್ಮ ವೇಗದಲ್ಲಿ ಇಳಿದವು. ಸೀಸನ್ ಮುಗಿದು ಕೆಲ ವಾರಕ್ಕೆ ಕೈ, ಕುತ್ತಿಗೆ ತಿಳಿಯಾದವು. ಬಲಗೆನ್ನೆಯ ಪಟ್ಟಿ ಕೆಲವು ತಿಂಗಳಲ್ಲಿ ಮಾಸಿತು. ಬಂಗು ಮಾತ್ರ ಅರ್ಧ ಇಳಿದು ನಿಂತಿತು. ಮುಂದಿನ ಬೇಸಿಗೆಯಲ್ಲಿ ಸನ್‌ಸ್ಕ್ರೀನ್ ಬಿಟ್ಟಾಗ ಅದೇ ಎರಡು ಕೆನ್ನೆಯ ಮೇಲೆ, ಅದೇ ಆಕಾರದಲ್ಲಿ ಮತ್ತೆ ಗಾಢವಾಯಿತು. ಟ್ಯಾನ್ ಅಲ್ಲ ಅನ್ನುವುದು ಆಗ ಅವರಿಗೂ ಖಾತ್ರಿಯಾಯಿತು. ಈಗ ಮಳೆಗಾಲದಲ್ಲೂ ಹಚ್ಚುತ್ತಾರೆ.