ಪರದೆಯ ಮೇಲಿನ ಅಂಕಿ, ಪಾಸ್‌ಬುಕ್ಕಿನ ಅಂಕಿ: ಹೊಸ ವಿದ್ಯಾರ್ಥಿಗಳಿಗೆ ಆನ್‌ಲೈನ್ ಮೋಸದ ಬಗ್ಗೆ ಮಾತನಾಡುವ ಬಗೆ

ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಆನ್‌ಲೈನ್ ಮೋಸದ ಬಗ್ಗೆ ಮಾತನಾಡಲು ನನಗೆ ಸಿಗುವುದು ಹೆಚ್ಚೆಂದರೆ ನಲವತ್ತು ನಿಮಿಷ. ಇರುವ ಎಲ್ಲ ಬಗೆಯ ಮೋಸಗಳನ್ನೂ ಅಷ್ಟರಲ್ಲಿ ಹೇಳಹೊರಟರೆ ಅದು ಪಟ್ಟಿ ಓದಿದಂತಾಗುತ್ತದೆ, ಹೊರಗೆ ಹೋಗುವಾಗ ಯಾರ ತಲೆಯಲ್ಲೂ ಏನೂ ಉಳಿದಿರುವುದಿಲ್ಲ. ಲಾಟರಿ ಗೆದ್ದಿದ್ದೀರಿ ಎನ್ನುವ ಹಳೆಯ ಸಂದೇಶಗಳನ್ನು ತೋರಿಸಿದರೆ ಇನ್ನೂ ಕೆಟ್ಟದು. ಹುಡುಗರು ನಕ್ಕು, ಮೋಸ ಹೋಗುವವರು ಬೇರೆ ಯಾರೋ ಎಂದುಕೊಂಡು ಎದ್ದು ಹೋಗುತ್ತಾರೆ. ಹಾಗಾಗಿ ನಾನು ಆರಿಸಿಕೊಳ್ಳುವುದು ಒಂದೇ ಮೋಸ, ಮೊಬೈಲಿನಲ್ಲೇ ಮಾಡಬಹುದಾದ 'ಪಾರ್ಟ್ ಟೈಮ್ ಟಾಸ್ಕ್' ಕೆಲಸ. ಪಾಕೆಟ್ ಮನಿ ಇರುವವರಿಗೂ ಮೊದಲ ಸಂಬಳ ಬಂದವರಿಗೂ ಇದು ಸರಿಯಾಗಿ ಅಳತೆ ತೆಗೆದು ಹೊಲಿದ ಬಲೆ. ಇದರೊಳಗಿನ ಯಂತ್ರ ಅರ್ಥವಾದರೆ ನಕಲಿ ಹೂಡಿಕೆ ಆ್ಯಪ್, ನಕಲಿ ಉದ್ಯೋಗದ ಠೇವಣಿ ಎಲ್ಲವೂ ತಾವಾಗಿ ಅರ್ಥವಾಗುತ್ತವೆ.

ಮಾತು ಶುರು ಮಾಡುವ ಮೊದಲು ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತೇನೆ. ಎಡಗಡೆ 'ಪರದೆ' ಎಂದೂ ಬಲಗಡೆ 'ಪಾಸ್‌ಬುಕ್' ಎಂದೂ ಬರೆಯುತ್ತೇನೆ. ಪರದೆ ಎಂದರೆ ಕೆಲಸ ಕೊಟ್ಟವರ ಆ್ಯಪ್ ಅಥವಾ ವೆಬ್‌ಸೈಟ್ ತೋರಿಸುವ ಅಂಕಿ. ಪಾಸ್‌ಬುಕ್ ಎಂದರೆ ನಮ್ಮ ಬ್ಯಾಂಕ್ ಖಾತೆಗೆ ನಿಜವಾಗಿ ಬಂದ ಹಣ, ಅಲ್ಲಿಂದ ಹೋದ ಹಣ. ಮುಂದಿನ ಹದಿನೈದು ನಿಮಿಷ ಆ ಎರಡು ಕಾಲಂಗಳನ್ನು ತುಂಬುವುದೇ ಭಾಷಣ.

ಮೊದಲ ದಿನ. ಗೊತ್ತಿಲ್ಲದ ನಂಬರಿನಿಂದ ಸಂದೇಶ ಬರುತ್ತದೆ. ಹೋಟೆಲುಗಳಿಗೆ ರೇಟಿಂಗ್ ಕೊಡಬೇಕು, ಇಲ್ಲವೇ ವಿಡಿಯೋ ಲೈಕ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಬೇಕು. ಮೂರು ಟಾಸ್ಕ್ ಮುಗಿಸಿದ ಮೇಲೆ ಖಾತೆಗೆ 150 ರೂಪಾಯಿ ಬರುತ್ತದೆ. ಪಾಸ್‌ಬುಕ್ ಕಾಲಂನಲ್ಲಿ ಕೂಡು 150 ಎಂದು ಬರೆಯುತ್ತೇನೆ. ಆಮೇಲೆ ಟೆಲಿಗ್ರಾಂ ಗುಂಪೊಂದಕ್ಕೆ ಸೇರಿಸಿ, 'ಪ್ರೀಪೇಯ್ಡ್ ಟಾಸ್ಕ್' ಎಂದು 1,000 ಕಟ್ಟಿಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ 1,300 ವಾಪಸ್ ಬರುತ್ತದೆ. ಈಗ ಪಾಸ್‌ಬುಕ್ಕಿನಲ್ಲಿ ನಿವ್ವಳ 450 ರೂಪಾಯಿ ಲಾಭ. ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ: ಇದುವರೆಗೆ ಮೋಸ ನಡೆದಿದೆಯೇ? ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಆ 'ಇಲ್ಲ' ನನಗೆ ಬೇಕು. ಈ 450 ರೂಪಾಯಿ ಗಾಳಕ್ಕೆ ಸಿಕ್ಕಿಸಿದ ಎರೆಹುಳು ಎಂಬುದು ಮುಂದಿನ ಸಾಲುಗಳನ್ನು ಬರೆದಾಗ ತಾನಾಗಿ ಕಾಣುತ್ತದೆ.

ಮುಂದಿನ ಟಾಸ್ಕ್ 5,000. ಪರದೆಯಲ್ಲಿ 6,500 ಎಂದು ಕಾಣುತ್ತದೆ, ಆದರೆ ಹಣ ತೆಗೆಯುವ ಬಟನ್ ಕೆಲಸ ಮಾಡುವುದಿಲ್ಲ. ಇದು ಮೂರು ಟಾಸ್ಕ್‌ಗಳ ಸೆಟ್, ಮೂರೂ ಮುಗಿದರೆ ಮಾತ್ರ ಹಣ ಎನ್ನುತ್ತಾರೆ. ಎರಡನೆಯದು 12,000, ಪರದೆಯಲ್ಲಿ 22,100. ಮೂರನೆಯದು 25,000, ಪರದೆಯಲ್ಲಿ 54,600. ಈಗ ತೆಗೆಯಲು ಹೋದರೆ ಇಪ್ಪತ್ತು ಶೇಕಡಾ ತೆರಿಗೆ, ಅಂದರೆ 10,920 ಮೊದಲು ಕಟ್ಟಬೇಕಂತೆ. ಕಟ್ಟಿದರೆ ಇನ್ನೊಂದು ಕಾರಣ ಬರುತ್ತದೆ: ಖಾತೆ ಸಂಖ್ಯೆ ತಪ್ಪಾಗಿದೆ, ಕ್ರೆಡಿಟ್ ಸ್ಕೋರ್ ಕಡಿಮೆಯಾಗಿದೆ, ಖಾತೆ ತಡೆಹಿಡಿಯಲಾಗಿದೆ. ಎರಡೂ ಕಾಲಂಗಳ ಕೆಳಗೆ ಗೆರೆ ಎಳೆದು ಕೂಡಿಸುತ್ತೇನೆ. ಪರದೆ: 54,600 ಜಮಾ. ಪಾಸ್‌ಬುಕ್: ಹೋದದ್ದು 52,920, ಮೊದಲು ಬಂದ 450 ಕಳೆದರೆ 52,470 ನಷ್ಟ. ಎಡಗಡೆಯ ಅಂಕಿಯನ್ನು ಮೋಸಗಾರ ತನ್ನ ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದು, ಅಷ್ಟೇ. ಅದು ಎಂದೂ ಹಣವಾಗಿರಲಿಲ್ಲ.

ಈಗ ಹಿಂದಕ್ಕೆ ಹೋಗುತ್ತೇವೆ. ನೀವಾಗಿದ್ದರೆ ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಕೇಳಿದರೆ 12,000ದ ಬಳಿ ಎನ್ನುವವರೇ ಹೆಚ್ಚು. ಅಲ್ಲಿ ನಿಲ್ಲುವುದು ಯಾಕೆ ಕಷ್ಟ ಎಂಬುದನ್ನು ಸಮಾಧಾನವಾಗಿ ಬಿಡಿಸಬೇಕು. ಭಾಷಣದಲ್ಲಿ ಅತಿ ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿಗೇ. ಆ ಹೊತ್ತಿಗೆ 5,000 ಆಗಲೇ ಸಿಕ್ಕಿಹಾಕಿಕೊಂಡಿದೆ. ಹೊಸದಾಗಿ 12,000 ಕಟ್ಟುತ್ತಿದ್ದೇನೆ ಎಂದು ಮನಸ್ಸು ಲೆಕ್ಕ ಹಾಕುವುದಿಲ್ಲ, ಹಳೆಯ 5,000 ಬಿಡಿಸಿಕೊಳ್ಳುತ್ತಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಜೊತೆಗೆ ಇಪ್ಪತ್ತು ನಿಮಿಷದ ಗಡುವು. ಗುಂಪಿನಲ್ಲಿ 'ನನಗೆ ಬಂತು' ಎಂದು ಸ್ಕ್ರೀನ್‌ಶಾಟ್ ಹಾಕುವ ನಾಲ್ಕು ಜನ. ಅವರೂ ಅದೇ ತಂಡದವರು. 'ನೀವು ನಿಲ್ಲಿಸಿದರೆ ನಿಮ್ಮ ಜೊತೆಗಿರುವ ಮೂವರ ಹಣವೂ ನಿಲ್ಲುತ್ತದೆ' ಎಂದು ಅವರಲ್ಲೊಬ್ಬರು ಅಂಗಲಾಚುತ್ತಾರೆ. ಒಳ್ಳೆಯ ಮನಸ್ಸಿನ ಹುಡುಗಿಯೋ ಹುಡುಗನೋ ಸೋಲುವುದು ದುರಾಸೆಗಲ್ಲ, ಈ ದಾಕ್ಷಿಣ್ಯಕ್ಕೆ. ಬುದ್ಧಿ ಇದ್ದವರು ಬೀಳುವುದಿಲ್ಲ ಎಂಬ ಮಾತನ್ನು ಭಾಷಣದಲ್ಲಿ ಎಲ್ಲೂ ಬಳಸಬಾರದು. ಅದನ್ನು ಕೇಳಿಸಿಕೊಂಡವರು ನಾಳೆ ಬಿದ್ದಾಗ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ, ಆ ಮೌನದಲ್ಲೇ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಇದೇ ಕಾರಣಕ್ಕೆ 'ಯಾರಾದರೂ ಹಣ ಕಳೆದುಕೊಂಡಿದ್ದೀರಾ, ಕೈ ಎತ್ತಿ' ಎಂದೂ ಕೇಳುವುದಿಲ್ಲ.

ಹಾಗಾದರೆ ನಿಲ್ಲಬೇಕಾದ ಸಾಲು ಯಾವುದು? 1,000 ಕೇಳಿದ ಸಾಲು. ಕೆಲಸ ಮಾಡಿದವರಿಗೆ ಹಣ ಬರಬೇಕು, ಕೆಲಸ ಮಾಡಲು ಹಣ ಹೋಗಬಾರದು. ಅಲ್ಲಿ ತಪ್ಪಿದರೆ ಎರಡನೆಯ ಗುರುತು ಇನ್ನೂ ಖಚಿತ: ನನ್ನದೇ ಹಣ ನನಗೆ ಸಿಗಲು ಮತ್ತಷ್ಟು ಹಣ ಕಟ್ಟು ಎಂದ ಕ್ಷಣ. ನಿಜವಾದ ಶುಲ್ಕವಾದರೆ ಬರಬೇಕಾದ ಮೊತ್ತದಲ್ಲೇ ಕಳೆದುಕೊಂಡು ಉಳಿದದ್ದನ್ನು ಕೊಡಬಹುದಲ್ಲ? 54,600ರಲ್ಲಿ 10,920 ಹಿಡಿದುಕೊಂಡು 43,680 ಕಳಿಸಿ ಎಂದು ಕೇಳಿ ನೋಡಿ. ಕಳಿಸಲು ಅಲ್ಲಿ ಏನೂ ಇಲ್ಲ, ಹಾಗಾಗಿ ಆಗುವುದಿಲ್ಲ ಎನ್ನುತ್ತಾರೆ. ಮೊದಲ ಉದ್ಯೋಗಕ್ಕೂ ಇದೇ ಪರೀಕ್ಷೆ ಸಾಕು. ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ದಾಖಲೆ ಪರಿಶೀಲನೆಗೆ ಮರಳಿಸುವ ಮೊತ್ತ, ಹೆಸರು ಯಾವುದೇ ಇರಲಿ, ಸಂಬಳ ಕೊಡಬೇಕಾದವನು ಮೊದಲು ಕೈಚಾಚುತ್ತಿದ್ದಾನೆ.

ಮೂರನೆಯ ಗುರುತು ಯುಪಿಐ ಪಿನ್ ಹಾಕುವ ಮುನ್ನ ಪರದೆಯಲ್ಲೇ ಇರುತ್ತದೆ, ಅವಸರದಲ್ಲಿ ಯಾರೂ ಓದುವುದಿಲ್ಲ. ಹಣ ಪಡೆಯುವವರ ಹೆಸರು. ಕೆಲಸ ಕೊಟ್ಟದ್ದು ದೊಡ್ಡ ಕಂಪನಿಯ ಹೆಸರಿನಲ್ಲಿ, ಹಣ ಹೋಗುತ್ತಿರುವುದು ಯಾವುದೋ ಒಬ್ಬ ವ್ಯಕ್ತಿಯ ಖಾತೆಗೆ. ಮುಂದಿನ ಸಲ ಇನ್ನೊಬ್ಬರದ್ದು, ಅದರ ಮುಂದಿನ ಸಲ ಮತ್ತೊಬ್ಬರದ್ದು. ಇವು ಬಾಡಿಗೆ ಖಾತೆಗಳು, ಪೊಲೀಸರ ಮಾತಿನಲ್ಲಿ ಮ್ಯೂಲ್ ಅಕೌಂಟ್. ಇಲ್ಲಿ ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. 'ನಿನ್ನ ಖಾತೆಗೆ ಹಣ ಬರುತ್ತದೆ, ಮುಂದಕ್ಕೆ ಕಳಿಸು, ಕಮಿಷನ್ ಇಟ್ಟುಕೊ' ಎನ್ನುವ ಕೆಲಸವೂ ಇದೇ ಜಾಲದ್ದು. ಅದನ್ನು ಒಪ್ಪಿಕೊಂಡವರು ಹಣ ಕಳೆದುಕೊಂಡವರ ಸಾಲಿನಲ್ಲಲ್ಲ, ಆರೋಪಿಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಮೊದಲ ದಿನ ಬಂದ ಆ 150 ರೂಪಾಯಿಯೂ ಮತ್ತೊಬ್ಬರಿಂದ ಕಸಿದದ್ದಾಗಿರಬಹುದು. ಅಂಥ ಹಣದ ಜಾಡು ಹಿಡಿದು ಬರುವ ತನಿಖೆಯಲ್ಲಿ ಅದು ಬಂದು ಬಿದ್ದ ಖಾತೆಯೂ ತಡೆಗೆ ಸಿಲುಕಬಹುದು. ಅಂದರೆ 450ಕ್ಕೆ ನಿಲ್ಲಿಸಿ ಲಾಭದೊಂದಿಗೆ ಹೊರಬರುತ್ತೇನೆ ಎನ್ನುವ ಜಾಣತನವೂ ಸುರಕ್ಷಿತವಲ್ಲ. ಈ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ಕೊನೆಯ ಹತ್ತು ನಿಮಿಷವನ್ನು ಹಣ ಹೋದ ಮೇಲಿನ ಮೊದಲ ಗಂಟೆಗೆ ಮೀಸಲಿಡುತ್ತೇನೆ. ಇಲ್ಲಿ ಕ್ರಮ ಮುಖ್ಯ. ಮೊದಲು ಮೋಸಗಾರನ ಜೊತೆ ಜಗಳಕ್ಕಿಳಿಯಬಾರದು, ಗುಂಪು ಬಿಡಲೂ ಬಾರದು. ಟೆಲಿಗ್ರಾಂನಲ್ಲಿ ಖಾಸಗಿ ಸಂದೇಶಗಳನ್ನು ಅವನು ಎರಡೂ ಕಡೆಯಿಂದ ಅಳಿಸಿಬಿಡಬಹುದು, ಅನುಮಾನ ಬಂದರೆ ಅದನ್ನೇ ಮಾಡುತ್ತಾನೆ. ಸದ್ದಿಲ್ಲದೆ ಸಂದೇಶ, ಅವರ ಬಳಕೆದಾರ ಹೆಸರು, ವೆಬ್‌ಸೈಟ್ ವಿಳಾಸ, ಹಣ ಹೋದ ಯುಪಿಐ ಐಡಿಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಬೇಕು. ಇದಕ್ಕೆ ಐದು ನಿಮಿಷ ಸಾಕು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಅಲ್ಲಿ ಮುಖ್ಯವಾಗಿ ಬೇಕಾಗುವುದು ನಿಮ್ಮ ಬ್ಯಾಂಕಿನ ವಿವರ, ಮೊತ್ತ, ದಿನಾಂಕ ಮತ್ತು ಪ್ರತಿ ಪಾವತಿಯ ಯುಟಿಆರ್, ಅಂದರೆ ಆ ವಹಿವಾಟಿನ ಗುರುತಿನ ಸಂಖ್ಯೆ. ಯುಪಿಐ ಪಾವತಿಯಾದರೆ ಅದು 12 ಅಂಕಿಗಳದ್ದು, ಆ್ಯಪ್‌ನ ವಹಿವಾಟು ಇತಿಹಾಸದಲ್ಲಿ ಆ ಪಾವತಿಯನ್ನು ಒತ್ತಿದರೆ ಸಿಗುತ್ತದೆ. ಈ ಸಂಖ್ಯೆಯನ್ನು ಎಲ್ಲರೂ ಅಲ್ಲೇ ತಮ್ಮ ಫೋನಿನಲ್ಲಿ, ಯಾವುದೋ ಹಳೆಯ ಪಾವತಿ ತೆರೆದು ಹುಡುಕುವಂತೆ ಮಾಡುತ್ತೇನೆ. ಗಾಬರಿಯಲ್ಲಿ ಮೊದಲ ಸಲ ಹುಡುಕಿದರೆ ಸಿಗುವುದಿಲ್ಲ. ಕರೆ ಸಿಗದಿದ್ದರೆ cybercrime.gov.in ತಾಣದಲ್ಲಿ ನೇರವಾಗಿ ದೂರು ದಾಖಲಿಸಬಹುದು. ಜೊತೆಗೆ ಬ್ಯಾಂಕಿಗೂ ತಿಳಿಸಬೇಕು.

ಇದರ ಮಿತಿಯನ್ನೂ ಮುಚ್ಚಿಡದೆ ಹೇಳಬೇಕು. ದೂರು ಬಂದಾಗ ಹಣ ಯಾವ ಖಾತೆಯಲ್ಲಿದೆಯೋ ಅಲ್ಲಿ ಅದನ್ನು ತಡೆಹಿಡಿಯುವುದು ಈ ವ್ಯವಸ್ಥೆಯ ಕೆಲಸ. ಹಣ ಎರಡು ಮೂರು ಖಾತೆ ದಾಟಿ ಎಟಿಎಂನಿಂದ ನೋಟಾಗಿ ಹೊರಬಿದ್ದಿದ್ದರೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಬ್ಯಾಂಕ್ ತುಂಬಿಕೊಡುತ್ತದೆ ಎಂಬ ನಂಬಿಕೆಯೂ ಇಲ್ಲಿ ಸಲ್ಲದು. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂಬ 2017ರ ಆರ್‌ಬಿಐ ಸುತ್ತೋಲೆಯ ಮಾತು, ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವಹಿವಾಟಿನ ಕುರಿತಾದದ್ದು. ಟಾಸ್ಕ್ ಮೋಸದಲ್ಲಿ ಪಿನ್ ಒತ್ತಿದವರು ನಾವೇ.

ದೂರು ಕೊಟ್ಟ ಕೆಲವು ದಿನಗಳ ಮೇಲೆ ಇನ್ನೊಂದು ಕರೆ ಬರಬಹುದು. ಸೈಬರ್ ವಿಭಾಗದಿಂದಲೋ ವಕೀಲರ ಕಚೇರಿಯಿಂದಲೋ ಮಾತನಾಡುತ್ತಿದ್ದೇವೆ, ನಿಮ್ಮ 52,920 ಪತ್ತೆಯಾಗಿದೆ, ಬಿಡುಗಡೆಗೆ 2,500 ಕಟ್ಟಿ ಎನ್ನುತ್ತಾರೆ. ಮೊತ್ತ ನಯಾಪೈಸೆ ಬಿಡದೆ ಸರಿಯಾಗಿರುವುದರಿಂದ ನಂಬಿಕೆ ಬರುತ್ತದೆ. ಆದರೆ ಆ ಮೊತ್ತ ದೋಚಿದವನಿಗೂ ಗೊತ್ತು. ಹಲಗೆಯ ಕೊನೆಯ ಸಾಲಾಗಿ ಈ 2,500 ಅನ್ನು ಬರೆದು, ಅದು ಯಾವ ಕಾಲಂಗೆ ಸೇರುತ್ತದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ ಸೀಮೆಸುಣ್ಣ ಕೆಳಗಿಡುತ್ತೇನೆ.